ಸಾಬೂನಿನ ಪೆಟ್ಟಿಗೆಗೆ ಡೈಲೈನ್ ಬರೆಯುವ ಬಗೆ

ಸಾಬೂನು, ಮಾತ್ರೆ, ಟೂತ್‌ಪೇಸ್ಟುಗಳ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹರಡಿದರೆ ಒಂದೇ ಚಪ್ಪಟೆ ಹಾಳೆ ಸಿಗುತ್ತದೆ. ಆ ಹಾಳೆಯನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಎಲ್ಲಿ ಅಂಟು ಹಚ್ಚಬೇಕು ಎಂಬುದನ್ನು ನಿಜವಾದ ಅಳತೆಯಲ್ಲೇ ತೋರಿಸುವ ರೇಖಾಚಿತ್ರಕ್ಕೆ ಡೈಲೈನ್ ಎಂದು ಹೆಸರು. ಮರದ ಹಲಗೆಯಲ್ಲಿ ಉಕ್ಕಿನ ಪಟ್ಟಿಗಳನ್ನು ಕೂರಿಸಿ ಡೈ ಮಾಡುವವರು ಇದೇ ಗೆರೆಗಳನ್ನು ಅನುಸರಿಸುತ್ತಾರೆ. ಪೆಟ್ಟಿಗೆಯ ಮೇಲಿನ ಬಣ್ಣ, ಅಕ್ಷರ, ಚಿತ್ರಗಳನ್ನು ಜೋಡಿಸುವವರೂ ಇದರ ಮೇಲೆಯೇ ಕೆಲಸ ಮಾಡುತ್ತಾರೆ. ಆದ್ದರಿಂದ ಇಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಆ ತಪ್ಪು ಸಾವಿರಾರು ಪೆಟ್ಟಿಗೆಗಳಲ್ಲಿ ಹಾಗೆಯೇ ಅಚ್ಚಾಗುತ್ತದೆ.

ಇಲ್ಲಿ ಉದಾಹರಣೆಗೆ ಎತ್ತಿಕೊಂಡಿರುವುದು ಮನೆಯಲ್ಲಿ ಮಾಡಿ ಮಾರುವ ಒಂದು ಸಾಬೂನಿನ ಪೆಟ್ಟಿಗೆ. ಒಂದು ಬದಿಯಲ್ಲಿ ಅಂಟಿಸಿದ, ಮೇಲೂ ಕೆಳಗೂ ಮುಚ್ಚಳದ ತುದಿಯನ್ನು ಒಳಕ್ಕೆ ಸಿಕ್ಕಿಸಿ ಮುಚ್ಚುವ ಪೆಟ್ಟಿಗೆ ಇದು. ಅದಕ್ಕೆ ನಾಲ್ಕು ಗೋಡೆಗಳು, ಒಂದು ಅಂಟುಪಟ್ಟಿ, ಎರಡು ಮುಚ್ಚಳ, ಪ್ರತಿ ಮುಚ್ಚಳದ ತುದಿಗೆ ಒಳಸೇರುವ ಒಂದು ನಾಲಗೆ, ಮುಚ್ಚಳದ ಅಡಿಯಲ್ಲಿ ಮಡಿಸಿಕೊಳ್ಳುವ ನಾಲ್ಕು ಕಿವಿಗಳು ಇರುತ್ತವೆ.

ಮೊದಲ ಕೆಲಸ ಸಾಬೂನನ್ನು ಅಳೆಯುವುದು. ಕೈಯಲ್ಲಿ ಕೊಯ್ದ ಸಾಬೂನುಗಳು ಒಂದೇ ಗಾತ್ರದಲ್ಲಿ ಇರುವುದಿಲ್ಲ. ಹಲವನ್ನು ಅಳೆದು, ದೊಡ್ಡದರ ಅಳತೆಯನ್ನು ಹಿಡಿಯಬೇಕು. ಕಾಯಿಸದೆ ಮಾಡಿದ ಸಾಬೂನು ಒಣಗುತ್ತ ನೀರು ಬಿಟ್ಟು ಸ್ವಲ್ಪ ಕುಗ್ಗುವುದರಿಂದ, ಹಸಿಯಾಗಿರುವಾಗ ಅಳೆದರೆ ಪೆಟ್ಟಿಗೆ ಸಡಿಲವಾಗುತ್ತದೆ. ಒಣಗಿದ ಮೇಲೆ, ಒಳಗಿನ ಹೊದಿಕೆ ಕಾಗದವನ್ನೂ ಸುತ್ತಿ ಅಳೆಯುವುದು ಸರಿಯಾದ ಕ್ರಮ. ಹಾಗೆ ಅಳೆದಾಗ ನಮ್ಮ ಉದಾಹರಣೆಯ ಸಾಬೂನು 55 ಮಿ.ಮೀ. ಅಗಲ, 25 ಮಿ.ಮೀ. ದಪ್ಪ, 80 ಮಿ.ಮೀ. ಉದ್ದ ಇದೆ ಎಂದುಕೊಳ್ಳೋಣ.

ಪೆಟ್ಟಿಗೆಯ ಅಳತೆಯನ್ನು ಹೇಳುವುದಕ್ಕೂ ಒಂದು ಕ್ರಮವಿದೆ. ಬಾಯಿಯ ಉದ್ದನೆಯ ಬದಿಯನ್ನು ಮೊದಲು, ಬಾಯಿಯ ಕಿರಿದಾದ ಬದಿಯನ್ನು ಎರಡನೆಯದಾಗಿ, ಒಂದು ಬಾಯಿಯಿಂದ ಇನ್ನೊಂದು ಬಾಯಿಗಿರುವ ದೂರವನ್ನು ಕೊನೆಗೆ ಹೇಳುತ್ತಾರೆ. ನಮ್ಮ ಸಾಬೂನು ಚಿಕ್ಕ ತುದಿಯಿಂದ ಒಳಗೆ ಜಾರಬೇಕಾದ್ದರಿಂದ ಬಾಯಿ 55 × 25, ಎತ್ತರ 80 ಎಂದಾಗುತ್ತದೆ. ಈ ಕ್ರಮವನ್ನು ಹೇಳದೆ ಬರೀ ಮೂರು ಸಂಖ್ಯೆಗಳನ್ನು ಕಳಿಸಿದರೆ ಮುಚ್ಚಳ ಅಗಲವಾದ ಬದಿಯಲ್ಲಿ ಬಂದುಬಿಡಬಹುದು. ಪ್ರೆಸ್ಸಿಗೂ ಗಿರಾಕಿಗೂ ನಡುವೆ ಆಗುವ ಜಗಳಗಳಲ್ಲಿ ಇದು ಹಳೆಯದು.

ವಸ್ತು ಸರಾಗವಾಗಿ ಒಳಹೋಗಲು ಬಾಯಿಯ ಎರಡೂ ಕಡೆ 1 ಮಿ.ಮೀ., ಎತ್ತರದಲ್ಲಿ 1.5 ಮಿ.ಮೀ. ಸಡಿಲ ಕೊಟ್ಟರೆ ಒಳ ಅಳತೆ 56 × 26 × 81.5 ಮಿ.ಮೀ. ಆಗುತ್ತದೆ. ಆದರೆ ಡೈಲೈನಿನಲ್ಲಿ ಬರೆಯುವುದು ಒಳ ಅಳತೆಯನ್ನಲ್ಲ, ಒಂದು ಮಡಿಕೆಗೆರೆಯಿಂದ ಇನ್ನೊಂದು ಮಡಿಕೆಗೆರೆಗೆ ಇರುವ ದೂರವನ್ನು. ಇವೆರಡರ ನಡುವೆ ಬೋರ್ಡಿನ ದಪ್ಪ ಬರುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಬೋರ್ಡನ್ನು ಜಿಎಸ್‌ಎಂ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದು ಒಂದು ಚದರ ಮೀಟರ್ ಹಾಳೆಯ ತೂಕ, ದಪ್ಪವಲ್ಲ. 300 ಜಿಎಸ್‌ಎಂನ ಎರಡು ಬಗೆಯ ಬೋರ್ಡುಗಳು ದಪ್ಪದಲ್ಲಿ ಬೇರೆಬೇರೆಯಾಗಿರಬಹುದು. ಒಂದು ಉಬ್ಬಿದ ತಿರುಳಿನದು, ಇನ್ನೊಂದು ಒತ್ತಿ ಬಿಗಿ ಮಾಡಿದ್ದು. ಹಾಗಾಗಿ ಪ್ರೆಸ್ಸಿನಿಂದ ಬೋರ್ಡಿನ ತುಂಡೊಂದನ್ನು ತಂದು ಮೈಕ್ರೊಮೀಟರಿನಲ್ಲಿ ಅಳೆಯಬೇಕು. ಇಲ್ಲಿ ದಪ್ಪ 0.4 ಮಿ.ಮೀ. ಎಂದಿಟ್ಟುಕೊಳ್ಳೋಣ. ಮಡಿಸಿದಾಗ ಪ್ರತಿ ಮಡಿಕೆಯಲ್ಲೂ ಅರ್ಧ ದಪ್ಪ ಒಳಕ್ಕೆ ತಿರುಗುತ್ತದೆ. ಒಂದು ಗೋಡೆಗೆ ಎರಡು ಮಡಿಕೆ ಇರುವುದರಿಂದ ಒಂದು ಪೂರ್ತಿ ದಪ್ಪ ಕಳೆದುಹೋಗುತ್ತದೆ. ಅದನ್ನು ಮೊದಲೇ ಸೇರಿಸಿಕೊಂಡರೆ ಅಗಲವಾದ ಗೋಡೆ 56.4, ಕಿರಿದಾದ ಗೋಡೆ 26.4. ಸುಲಭಕ್ಕೆ 56.5, 26.5 ಎಂದು ಹಿಡಿಯಬಹುದು. ಎತ್ತರದಲ್ಲಿ ಇನ್ನಷ್ಟು ಸೇರಿಸಬೇಕು. ಮುಚ್ಚಳಗಳಿಗೆ ಒಂದು ದಪ್ಪ ಹೋಗುವುದಲ್ಲದೆ, ಅವುಗಳ ಕೆಳಗೆ ಮಲಗುವ ಕಿವಿಗಳು ಮೇಲೊಂದು, ಕೆಳಗೊಂದು ದಪ್ಪವನ್ನು ತಿನ್ನುತ್ತವೆ. 81.5ಕ್ಕೆ ಮೂರು ದಪ್ಪ, ಅಂದರೆ 1.2 ಸೇರಿಸಿದರೆ 82.7, ಅದನ್ನು 83 ಮಾಡಿಕೊಳ್ಳೋಣ.

ಇನ್ನು ಗೆರೆ ಎಳೆಯಬಹುದು. ಅಚ್ಚಾಗುವ ಮುಖ ಮೇಲಕ್ಕಿದೆ ಎಂದು ಭಾವಿಸಿಕೊಂಡು ಎಡದಿಂದ ಬಲಕ್ಕೆ ಅಂಟುಪಟ್ಟಿ, ಹಿಂಗೋಡೆ, ಪಕ್ಕದ ಗೋಡೆ, ಮುಂಗೋಡೆ, ಇನ್ನೊಂದು ಪಕ್ಕದ ಗೋಡೆ ಎಂಬ ಕ್ರಮದಲ್ಲಿ ಹೋದರೆ ಅಂಟಿನ ಜೋಡಣೆ ಹಿಂದಿನ ಮೂಲೆಯಲ್ಲಿ ಬೀಳುತ್ತದೆ, ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಅಂಟುಪಟ್ಟಿಗೆ 14 ಮಿ.ಮೀ. ಸಾಕು. ಎಡ ಅಂಚನ್ನು ಸೊನ್ನೆ ಎಂದರೆ ನಿಂತ ಮಡಿಕೆಗೆರೆಗಳು 14, 70.5, 97, 153.5 ಮಿ.ಮೀ.ಗಳಲ್ಲಿ ಬರುತ್ತವೆ. ಬಲ ಅಂಚಿನ ಕತ್ತರಿಗೆರೆ ಲೆಕ್ಕದ ಪ್ರಕಾರ 180ರಲ್ಲಿ ಇರಬೇಕು, ಆದರೆ ಅದನ್ನು 179.5ಕ್ಕೆ ತರಬೇಕು.

ಕೊನೆಯ ಗೋಡೆಯನ್ನು ಹೀಗೆ ಅರ್ಧ ಮಿಲಿಮೀಟರ್ ಕಿರಿದಾಗಿಸುವುದಕ್ಕೆ ಕಾರಣ ಪೆಟ್ಟಿಗೆ ಚಪ್ಪಟೆಯಾಗಿ ಅಂಟಿಸಿಕೊಳ್ಳುವ ರೀತಿಯಲ್ಲಿದೆ. ಪೇಸ್ಟಿಂಗ್ ಆಗುವಾಗ ಹಾಳೆ 70.5ರ ಗೆರೆಯಲ್ಲಿ ಒಮ್ಮೆ, 153.5ರ ಗೆರೆಯಲ್ಲಿ ಇನ್ನೊಮ್ಮೆ ಪೂರ್ತಿ ಮಡಿಸಿಕೊಳ್ಳುತ್ತದೆ. ಹಿಂಗೋಡೆ ತನ್ನ ಅಂಟುಪಟ್ಟಿಯೊಂದಿಗೆ ಒಂದು ಕಡೆಯಿಂದ ಮಗುಚಿ ಬೀಳುತ್ತದೆ, ಕೊನೆಯ ಗೋಡೆ ಇನ್ನೊಂದು ಕಡೆಯಿಂದ ಬಂದು ಅಂಟುಪಟ್ಟಿಯ ಮೇಲೆ ಕೂರುತ್ತದೆ. ಕೊನೆಯ ಗೋಡೆ ಪೂರ್ತಿ 26.5 ಇದ್ದರೆ ಅದರ ಅಂಚು ಅಂಟುಪಟ್ಟಿಯ ಮಡಿಕೆಗೆರೆಯ ಮೇಲೆಯೇ ನಿಲ್ಲುತ್ತದೆ. ಯಂತ್ರ ಕೂದಲೆಳೆಯಷ್ಟು ಅತ್ತಿತ್ತ ಹೋದರೂ ಅದು ಗೆರೆ ದಾಟಿ, ಪೆಟ್ಟಿಗೆ ಎದ್ದು ನಿಂತಾಗ ಮೂಲೆಯಲ್ಲಿ ಬೋರ್ಡಿನ ಅಂಚು ಹೊರಚಾಚುತ್ತದೆ. ಬೆರಳಾಡಿಸಿದರೆ ಉಗುರಿಗೆ ಸಿಗುತ್ತದೆ. ಅರ್ಧ ಮಿಲಿಮೀಟರ್ ಹಿಂದಿಟ್ಟರೆ ಈ ತೊಂದರೆ ಇರುವುದಿಲ್ಲ.

ಅಂಟುಪಟ್ಟಿಯ ಮೇಲಿನ, ಕೆಳಗಿನ ಅಂಚುಗಳನ್ನು ನೇರವಾಗಿ ಬಿಡಬಾರದು. ಗೋಡೆಯ ತುದಿಯಿಂದ 1 ಮಿ.ಮೀ. ಒಳಗೆ ಶುರುಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಪಟ್ಟಿ ಗೋಡೆಯಷ್ಟೇ ಎತ್ತರವಿದ್ದರೆ, ಅದರ ತುದಿ ಪಕ್ಕದ ಗೋಡೆಯ ಕಿವಿ ಮಡಿಯುವ ಜಾಗಕ್ಕೆ ಅಡ್ಡ ಬಂದು ಕಿವಿ ಒರಟಾಗಿ ಮಡಿಯುತ್ತದೆ. ಇದಕ್ಕಿಂತ ಹೆಚ್ಚಾಗಿ ಮರೆತುಹೋಗುವ ಸಂಗತಿಯೊಂದಿದೆ. ಅಂಟು ಬೀಳುವುದು ಪಟ್ಟಿಯ ಹೊರಮುಖಕ್ಕೆ, ಅಂದರೆ ಅಚ್ಚಾಗುವ ಮುಖಕ್ಕೆ. ಅಲ್ಲಿ ಶಾಯಿ, ವಾರ್ನಿಷ್ ಅಥವಾ ಲ್ಯಾಮಿನೇಷನ್ ಇದ್ದರೆ ಸಾಮಾನ್ಯ ಅಂಟು ನಾರಿಗೆ ಇಳಿಯುವುದಿಲ್ಲ. ಒಂದೆರಡು ವಾರದಲ್ಲಿ ಜೋಡಣೆ ಚಿಟ್ಟೆಂದು ಬಿಟ್ಟುಕೊಳ್ಳುತ್ತದೆ. ಡೈಲೈನಿನಲ್ಲಿ ಈ ಪಟ್ಟಿಯನ್ನು ಗುರುತು ಹಾಕಿ, ‘ಶಾಯಿ ಬೇಡ, ವಾರ್ನಿಷ್ ಬೇಡ’ ಎಂದು ಬರೆದುಬಿಡುವುದು ಕ್ಷೇಮ. ಹಾಗೆಂದು ಬಣ್ಣವನ್ನು ಮಡಿಕೆಗೆರೆಯಲ್ಲೇ ನಿಲ್ಲಿಸಬಾರದು. ಕೊನೆಯ ಗೋಡೆ ಅರ್ಧ ಮಿಲಿಮೀಟರ್ ಹಿಂದಿರುವುದರಿಂದ ಮೂಲೆಯಲ್ಲಿ ಪಟ್ಟಿಯ ಒಂದು ಎಳೆ ಹೊರಗೆ ಕಾಣುತ್ತದೆ. ಹಿಂಗೋಡೆಯ ಬಣ್ಣ ಪಟ್ಟಿಯ ಮೇಲೆ 3 ಮಿ.ಮೀ. ಹರಿದು ಬಂದರೆ ಬಿಳಿ ಗೆರೆ ಕಾಣಿಸದು.

ಮುಚ್ಚಳಗಳನ್ನು ಎರಡು ರೀತಿಯಲ್ಲಿ ಇಡಬಹುದು. ಎರಡೂ ಹಿಂಗೋಡೆಗೇ ಅಂಟಿಕೊಂಡಿದ್ದರೆ ಅದು ನೇರ ಮುಚ್ಚಳದ ಪೆಟ್ಟಿಗೆ. ಎರಡೂ ತುದಿ ಹಿಂದಿನಿಂದಲೇ ಮುಂದಕ್ಕೆ ಬಂದು ಮುಚ್ಚಿಕೊಳ್ಳುತ್ತವೆ. ಮೇಲಿನದು ಹಿಂಗೋಡೆಗೆ, ಕೆಳಗಿನದು ಮುಂಗೋಡೆಗೆ ಸೇರಿದ್ದರೆ ಅದು ತಿರುಗುಮುರುಗು ಬಗೆ. ಎರಡನೆಯದರಲ್ಲಿ ಒಂದು ಪೆಟ್ಟಿಗೆಯ ಚಾಚಿದ ಮುಚ್ಚಳ ಪಕ್ಕದ ಪೆಟ್ಟಿಗೆಯ ಖಾಲಿ ಜಾಗದಲ್ಲಿ ಕೂರುವುದರಿಂದ ದೊಡ್ಡ ಹಾಳೆಯಲ್ಲಿ ಬೋರ್ಡು ಕಡಿಮೆ ಪೋಲಾಗುತ್ತದೆ. ಮುಂಗೋಡೆಯಲ್ಲಿ ಪಾರದರ್ಶಕ ಕಿಟಕಿ ಇರುವ ದುಬಾರಿ ಪೆಟ್ಟಿಗೆಗೆ ನೇರ ಮುಚ್ಚಳ ಚೆಂದ. ಸಾಬೂನಿಗೆ ತಿರುಗುಮುರುಗು ಬಗೆಯೇ ಸಾಕು.

ಮುಚ್ಚಳದ ಆಳ ಪಕ್ಕದ ಗೋಡೆಯ ಅಗಲದಷ್ಟೇ, ಅಂದರೆ 26.5 ಇರಬೇಕೆಂದು ತೋರುತ್ತದೆ. ಆದರೆ ಅದರ ನಾಲಗೆ ಮುಂಗೋಡೆಯ ಒಳಗಡೆ, ಒಂದು ದಪ್ಪದಷ್ಟು ಹಿಂದೆ ಇಳಿಯಬೇಕು. ಆದ್ದರಿಂದ 26 ಸರಿ. ಹಾಗೆ ತಗ್ಗಿಸದಿದ್ದರೆ ನಾಲಗೆ ಮುಂಗೋಡೆಯನ್ನು ಹೊರಕ್ಕೆ ತಳ್ಳಿ ಪೆಟ್ಟಿಗೆಯ ಎದೆ ಉಬ್ಬುತ್ತದೆ. ಅಗಲದಲ್ಲಿ ಎರಡೂ ಬದಿ ಅರ್ಧರ್ಧ ಮಿಲಿಮೀಟರ್ ಬಿಟ್ಟು 55.5 ಮಾಡಬೇಕು. ನಾಲಗೆಯ ಆಳ 14 ಮಿ.ಮೀ.; ಮಡಿಕೆಯ ಬಳಿ 3 ಮಿ.ಮೀ. ನೇರವಾಗಿ ಇಳಿದು, ಆಮೇಲೆ ಮೂಲೆಗಳು ದುಂಡಗಾಗಬೇಕು. ಆ ನೇರ ಭಾಗ ಪಕ್ಕದ ಗೋಡೆಗಳಿಗೆ ತಿಕ್ಕಿಕೊಂಡು ಹಿಡಿತ ಕೊಡುತ್ತದೆ. ದುಂಡು ಭಾಗ ಒಳಹೋಗುವ ದಾರಿಯನ್ನು ಸಲೀಸು ಮಾಡುತ್ತದೆ. ಮೂಲೆಗಳನ್ನು ಚೂಪಾಗಿ ಬಿಟ್ಟರೆ ಪ್ರತಿ ಸಲ ಮುಚ್ಚುವಾಗಲೂ ತಡಕಾಡಬೇಕು.

ಕಿವಿಗಳ ಮಡಿಕೆಗೆರೆಯನ್ನು ಮುಚ್ಚಳದ ಮಡಿಕೆಗೆರೆಯ ಮಟ್ಟದಲ್ಲೇ ಎಳೆಯುವುದು ಸಾಮಾನ್ಯ ತಪ್ಪು. ಕಿವಿ ಮುಚ್ಚಳದ ಅಡಿಯಲ್ಲಿ ಮಲಗಬೇಕಾದ್ದರಿಂದ ಅದರ ಗೆರೆ ಒಂದು ದಪ್ಪ ಕೆಳಗಿರಬೇಕು. ಹೀಗಾಗಿ ಮುಂಗೋಡೆ, ಹಿಂಗೋಡೆಗಳ ಎತ್ತರ 83 ಇದ್ದರೆ, ಪಕ್ಕದ ಗೋಡೆಗಳಲ್ಲಿ ಮೇಲೂ ಕೆಳಗೂ 0.5 ಬಿಟ್ಟು 82 ಆಗುತ್ತದೆ. ಕಿವಿಯ ಉದ್ದ ಬಾಯಿಯ ಅರ್ಧ ಅಗಲವನ್ನು, ಅಂದರೆ 28 ಮಿ.ಮೀ.ಯನ್ನು ಮೀರಿದರೆ ಎರಡು ಕಿವಿಗಳು ಒಂದರ ಮೇಲೊಂದು ಹತ್ತಿ ಮುಚ್ಚಳ ಉಬ್ಬುತ್ತದೆ. ಇಲ್ಲಿ 22 ಸಾಕು.

ಮುಚ್ಚಳ ತಾನಾಗಿ ತೆರೆದುಕೊಳ್ಳದಂತೆ ತಡೆಯುವ ಬೀಗ ಈ ಕಿವಿಯಲ್ಲೂ ನಾಲಗೆಯಲ್ಲೂ ಹಂಚಿಕೊಂಡಿದೆ. ಮುಚ್ಚಳಕ್ಕೂ ನಾಲಗೆಗೂ ನಡುವಿನ ಮಡಿಕೆಗೆರೆಯ ಎರಡು ತುದಿಗಳಲ್ಲಿ 6 ಮಿ.ಮೀ. ಉದ್ದದ ಸೀಳು ಹಾಕುತ್ತಾರೆ. ಅಲ್ಲಿ ಗೆರೆ ಮಡಿಕೆಯಾಗಿರದೆ ಕತ್ತರಿಯಾಗಿರುತ್ತದೆ. ಇತ್ತ ಕಿವಿಯ ನಾಲಗೆ ಬರುವ ಬದಿಯನ್ನು, ಬುಡದಿಂದ ಮೊದಲ 5 ಮಿ.ಮೀ. ಬಹುಮಟ್ಟಿಗೆ ಪೂರ್ತಿ ಅಗಲ ಬಿಟ್ಟು, ಆಮೇಲೆ 2 ಮಿ.ಮೀ. ಒಳಕ್ಕೆ ಸರಿಸುತ್ತಾರೆ. ಹೀಗೆ ಉಳಿದದ್ದು ಕಿವಿಯ ಭುಜ. ಮುಚ್ಚಿದಾಗ ನಾಲಗೆಯ ಸೀಳಿದ ಅಂಚು ಈ ಭುಜದ ಕೆಳಗೆ ಇಳಿಯುತ್ತದೆ. ಭುಜ ಅದರ ಮೇಲೆ ಕೂತು ನಾಲಗೆಯನ್ನು ಮೇಲೇಳದಂತೆ ತಡೆಯುತ್ತದೆ. ಕ್ಲಿಕ್ ಎಂಬ ಸಣ್ಣ ಸದ್ದು ಕೇಳಿಸಿದರೆ ಬೀಗ ಬಿದ್ದಂತೆ. ಸೀಳು ಭುಜಕ್ಕಿಂತ ಒಂದು ಮಿಲಿಮೀಟರ್ ಉದ್ದ ಇರುವುದು ಬೇಕೆಂದೇ. ಗಿಡ್ಡವಾದರೆ ಸೀಳಿಲ್ಲದ ಮಡಿಕೆ ಭಾಗ ಭುಜದ ಮೇಲೆ ಏರಿ ಕೂರುತ್ತದೆ, ಮುಚ್ಚಳ ಮಟ್ಟಸವಾಗಿ ಮಲಗುವುದಿಲ್ಲ. ಸೀಳನ್ನು ತುಂಬ ಉದ್ದ ಮಾಡಿದರೆ ನಾಲಗೆಯನ್ನು ಹಿಡಿದಿರುವ ಮಡಿಕೆ ಚಿಕ್ಕದಾಗಿ ಹತ್ತಾರು ಸಲ ತೆರೆಯುವಷ್ಟರಲ್ಲಿ ಹರಿಯುತ್ತದೆ.

ಕಿವಿಯ ಇನ್ನೊಂದು ಬದಿ, ಅಂದರೆ ಮುಚ್ಚಳ ಗೋಡೆಗೆ ಸೇರುವ ಕಡೆಯದು, 15 ಡಿಗ್ರಿ ಓರೆಯಾಗಿದ್ದರೆ ಸಾಕು. ಹೀಗೆ ಕಿವಿಯ ಎರಡು ಬದಿಗಳು ಬೇರೆಬೇರೆ ಆಕಾರದವು. ಒಂದು ಕಿವಿಯನ್ನು ಬರೆದು ಕಂಪ್ಯೂಟರಿನಲ್ಲಿ ಅದರದೇ ನಾಲ್ಕು ಪ್ರತಿ ಮಾಡಿ ಅಂಟಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮೇಲುಗಡೆ ನಾಲಗೆ ಮುಂಗೋಡೆಗೆ ಬರುವುದರಿಂದ ಎರಡೂ ಕಿವಿಗಳ ಭುಜ ಮುಂಗೋಡೆಯ ಕಡೆಗಿರಬೇಕು; ಒಂದರಲ್ಲಿ ಅದು ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಕೆಳಗಡೆ ನಾಲಗೆ ಹಿಂಗೋಡೆಗೆ ಹೋಗುತ್ತದೆ, ಆದ್ದರಿಂದ ಎಲ್ಲವೂ ತಿರುವುಮುರುವು. ತಪ್ಪು ಕಡೆಗೆ ಭುಜವಿದ್ದರೆ ಆ ಬದಿಯ ಬೀಗ ಹಿಡಿಯುವುದೇ ಇಲ್ಲ. ಮುಚ್ಚಳ ಒಂದು ಮೂಲೆಯಲ್ಲಿ ಮಾತ್ರ ಎದ್ದು ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲ ಸೇರಿ ಹಾಳೆಯ ಅಗಲ 179.5, ಎತ್ತರ 14, 26, 83, 26, 14 ಕೂಡಿ 163 ಮಿ.ಮೀ. ಆಗುತ್ತದೆ. ಇದು ಎ4 ಹಾಳೆಯಲ್ಲಿ ಹಿಡಿಯುತ್ತದೆ.

ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ, ಇಂಕ್‌ಸ್ಕೇಪ್ ಇವುಗಳಲ್ಲಿ ಯಾವುದರಲ್ಲಿ ಬರೆದರೂ ಕತ್ತರಿಗೆರೆಗೆ ಒಂದು ಬಣ್ಣ, ಮಡಿಕೆಗೆರೆಗೆ ಇನ್ನೊಂದು ಬಣ್ಣ ಕೊಡಬೇಕು. ಕತ್ತರಿಗೆರೆ ಅಖಂಡವಾಗಿರಲಿ, ಮಡಿಕೆಗೆರೆ ತುಂಡುಗೆರೆಯಾಗಿರಲಿ. ಇವು ಚಿತ್ರದ ಬಣ್ಣಗಳೊಂದಿಗೆ ಬೆರೆಯದಂತೆ ಪ್ರತ್ಯೇಕ ಲೇಯರಿನಲ್ಲಿ, ಪ್ರತ್ಯೇಕ ಸ್ಪಾಟ್ ಬಣ್ಣವಾಗಿ, ಓವರ್‌ಪ್ರಿಂಟ್ ಎಂದು ಗುರುತಿಸಿ ಇರಬೇಕು. ಇಲ್ಲದಿದ್ದರೆ ಗೆರೆಯ ಕೆಳಗಿನ ಚಿತ್ರದಲ್ಲಿ ಬಿಳಿ ಎಳೆಗಳು ಮೂಡುತ್ತವೆ. ಕತ್ತರಿಗೆರೆಯ ಹೊರಗೆ 3 ಮಿ.ಮೀ. ತನಕ ಬಣ್ಣ ಚಾಚಿರಬೇಕು, ಅಕ್ಷರಗಳು ಯಾವುದೇ ಗೆರೆಯಿಂದ 3 ಮಿ.ಮೀ. ಒಳಗಿರಬೇಕು.

ಅಕ್ಷರ ಜೋಡಿಸುವಾಗ ಎರಡು ಸಂಗತಿ ನೆನಪಿರಬೇಕು. ಮೇಲಿನ ಮುಚ್ಚಳದ ಬರಹ ಡೈಲೈನಿನಲ್ಲಿ ತಲೆಕೆಳಗಾಗಿರಬೇಕು. ಅದು ಹಿಂಗೋಡೆಗೆ ಸೇರಿದ್ದರಿಂದ, ಮುಚ್ಚಿದ ಪೆಟ್ಟಿಗೆಯನ್ನು ಮುಂದಿನಿಂದ ನೋಡುವವನಿಗೆ ಆಗಲೇ ನೆಟ್ಟಗೆ ಕಾಣುತ್ತದೆ. ಬಾರ್‌ಕೋಡಿನ ವಿಷಯ ಇನ್ನೊಂದು. ಅಂಗಡಿಗಳಲ್ಲಿ ಓದುವ 13 ಅಂಕಿಯ ಬಾರ್‌ಕೋಡಿನ ಪೂರ್ಣ ಗಾತ್ರ, ಇಕ್ಕೆಲದ ಖಾಲಿ ಜಾಗ ಸೇರಿ, 37.29 ಮಿ.ಮೀ. ಅಗಲ. ಅದನ್ನು ಶೇಕಡಾ 80ಕ್ಕೆ ಇಳಿಸಿದರೂ ಸುಮಾರು 30 ಬೇಕು. 26 ಮಿ.ಮೀ. ಪಕ್ಕದ ಗೋಡೆಯಲ್ಲಿ ಅಡ್ಡಲಾಗಿ ಅದು ಹಿಡಿಯುವುದಿಲ್ಲ. ಹಿಂಗೋಡೆಯಲ್ಲಿಡಬೇಕು, ಇಲ್ಲವೇ ತಿರುಗಿಸಿ ನಿಲ್ಲಿಸಬೇಕು.

ಡೈಲೈನಿನಲ್ಲಿ ಒಂದು ಬಾಣದ ಗುರುತೂ ಇರಬೇಕು. ಬೋರ್ಡು ತಯಾರಾಗುವಾಗ ಅದರ ನಾರುಗಳು ಯಂತ್ರ ಓಡುವ ದಿಕ್ಕಿನಲ್ಲಿ ಸಾಲಾಗುತ್ತವೆ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ನಾರು ಪೆಟ್ಟಿಗೆಯ ಸುತ್ತಲೂ, ಅಂದರೆ ನಿಂತ ಮಡಿಕೆಗೆರೆಗಳಿಗೆ ಅಡ್ಡವಾಗಿ ಹರಿಯಬೇಕು. ಆಗ ಗೋಡೆಗಳು ಬಿಗಿಯಾಗಿ ನಿಲ್ಲುತ್ತವೆ. ಬೇರೆ ರೀತಿ ಇದ್ದರೆ ಮುಂಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬುತ್ತದೆ. ಬೋರ್ಡಿನ ತುಂಡನ್ನು ಎರಡೂ ದಿಕ್ಕಿನಲ್ಲಿ ಬಾಗಿಸಿ ನೋಡಿದರೆ ಗ್ರೇನ್ ತಿಳಿಯುತ್ತದೆ. ನಾರಿನ ಜೊತೆಜೊತೆಗೆ ಬಾಗು ಸುಲಭ, ನಾರಿಗೆ ಅಡ್ಡ ಬಾಗು ಗಟ್ಟಿ. ಹಾಳೆಯಲ್ಲಿ ಇನ್ನೊಂದು ಪೆಟ್ಟಿಗೆ ಹಿಡಿಸುವ ಆಸೆಗೆ ಪ್ರೆಸ್ಸಿನವರು ಡೈಲೈನನ್ನು 90 ಡಿಗ್ರಿ ತಿರುಗಿಸುವುದುಂಟು. ಬಾಣ ಇದ್ದರೆ ಕೇಳಿಕೊಂಡು ತಿರುಗಿಸುತ್ತಾರೆ.

ಡೈಯಲ್ಲಿ ಕತ್ತರಿಸುವ ಪಟ್ಟಿ ಹರಿತ, ಮಡಿಕೆಯ ಪಟ್ಟಿ ಮೊಂಡು ಮತ್ತು ಸ್ವಲ್ಪ ಗಿಡ್ಡ. ಒಂದೇ ಒತ್ತಿಗೆ ಎರಡೂ ಕೆಲಸ ಆಗುವ ಈ ಉಪಾಯ 1879ರಲ್ಲಿ ಬ್ರೂಕ್ಲಿನ್ನಿನ ರಾಬರ್ಟ್ ಗೇರ್ ಎಂಬ ಕಾಗದದ ಚೀಲ ತಯಾರಕನಿಗೆ ಹೊಳೆಯಿತು. ಚೀಲಕ್ಕೆ ಮಡಿಕೆ ಹಾಕಬೇಕಿದ್ದ ಲೋಹದ ಪಟ್ಟಿ ಜಾರಿ ಚೀಲವನ್ನೇ ಕತ್ತರಿಸಿಬಿಟ್ಟದ್ದು ಅದಕ್ಕೆ ಕಾರಣವೆಂದು ಹೇಳುತ್ತಾರೆ. ಮೊಂಡು ಪಟ್ಟಿ ಅಚ್ಚಿನ ಮುಖದಿಂದ ಒತ್ತಿದಾಗ ಹಿಂದಿನ ಮುಖದಲ್ಲಿ ಒಂದು ದಿಂಡು ಏಳುತ್ತದೆ. ಮಡಿಸಿದಾಗ ಅದು ಪೆಟ್ಟಿಗೆಯ ಒಳಗೆ ಉಳಿಯಬೇಕು. ಪಟ್ಟಿ ಇಳಿಯುವ ಎದುರಿನ ಕಾಲುವೆಯ ಅಗಲಕ್ಕೆ ಬೋರ್ಡಿನ ದಪ್ಪದ ಒಂದೂವರೆ ಪಟ್ಟು ಮತ್ತು ಪಟ್ಟಿಯ ದಪ್ಪ ಸೇರಿಸುವುದು ರೂಢಿಯ ಲೆಕ್ಕ. 0.4 ಮಿ.ಮೀ. ಬೋರ್ಡು, 0.7 ಮಿ.ಮೀ. ಪಟ್ಟಿಗೆ ಅದು 1.3 ಮಿ.ಮೀ. ಆಗುತ್ತದೆ. ಮಡಿಕೆಯ ಹೊರಮೈಯಲ್ಲಿ ಬಣ್ಣ ಒಡೆದು ಬಿಳಿ ಬಿರುಕು ಕಂಡರೆ ಕಾಲುವೆ ಅಥವಾ ಗ್ರೇನ್ ತಪ್ಪಿದೆ ಎಂದು ತಿಳಿಯಬೇಕು. ಆ ತಪ್ಪು ಚಿತ್ರ ಬರೆದವರದಲ್ಲ.

ಡೈಗೆ ಹಣ ಕೊಡುವ ಮುಂಚೆ ಬಿಳಿ ಮಾದರಿಯೊಂದನ್ನು ಮಾಡುವುದು ಕಡ್ಡಾಯವೆಂದೇ ಎಣಿಸಬೇಕು. ಡೈಲೈನನ್ನು ಎ4 ಹಾಳೆಯಲ್ಲಿ ಶೇಕಡಾ 100ರ ಅಳತೆಯಲ್ಲಿ ಅಚ್ಚು ಹಾಕಿ, ಮೊದಲು ಅಳತೆಪಟ್ಟಿ ಇಟ್ಟು 83 ಮಿ.ಮೀ. ಗೋಡೆ ನಿಜವಾಗಿ 83 ಇದೆಯೇ ಎಂದು ನೋಡಬೇಕು. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತಾನಾಗಿ ಆನ್ ಆಗಿದ್ದು ಗಾತ್ರವನ್ನು ಕುಗ್ಗಿಸುವುದು ಬಹಳ ಸಾಮಾನ್ಯ. ಆಮೇಲೆ ಹಾಳೆಯನ್ನು ಅಚ್ಚಿಗೆ ಬಳಸುವ ಅದೇ ಬೋರ್ಡಿನ ಮೇಲೆ ಅಂಟಿಸದೆ, ಗೆರೆಗಳನ್ನು ಬೋರ್ಡಿಗೆ ಇಳಿಸಿಕೊಳ್ಳಬೇಕು. ಅಂಟಿಸಿದರೆ ದಪ್ಪ ಬದಲಾಗುತ್ತದೆ. ಬರೆಯದ ಬಾಲ್‌ಪೆನ್ನಿನಿಂದ ಮಡಿಕೆಗಳನ್ನು ಗೀರಿ, ಕತ್ತರಿಸಿ, ಅಂಟಿಸಿ, ಸಾಬೂನು ತುಂಬಿ ಮುಚ್ಚಬೇಕು. ತಲೆಕೆಳಗು ಮಾಡಿ ಅಲುಗಾಡಿಸಿದಾಗ ಮುಚ್ಚಳ ಬಿಚ್ಚಿಕೊಳ್ಳಬಾರದು. ಸಾಬೂನು ಹೊರತೆಗೆಯುವಾಗ ಪೆಟ್ಟಿಗೆಯ ಬಾಯಿ ಹರಿಯಬಾರದು. ಮೇಜಿನ ಮೇಲೆ ನಿಲ್ಲಿಸಿದಾಗ ವಾಲಿದರೆ ಅಂಟಿನ ಜೋಡಣೆ ಓರೆಯಾಗಿ ಕೂತಿದೆ ಎಂದರ್ಥ. ಅಳತೆ ಸರಿಯಿದ್ದೂ ಇದು ಆಗಬಹುದು.

ಈ ಮಾದರಿ ಹಿಡಿಸಿದ ಮೇಲೆಯೇ ಕಡತವನ್ನು ಕಳಿಸಬೇಕು, ಜೊತೆಗೆ ಬೋರ್ಡಿನ ಹೆಸರು, ಜಿಎಸ್‌ಎಂ, ಅಳೆದ ದಪ್ಪ, ಗ್ರೇನಿನ ದಿಕ್ಕು, ಒಳ ಅಳತೆ ಇವನ್ನು ಡೈಲೈನಿನ ಪಕ್ಕದಲ್ಲೇ ಬರೆದು. ಕೆಲವು ತಿಂಗಳ ನಂತರ ಆ ಬೋರ್ಡು ಸಿಗದೆ 0.5 ಮಿ.ಮೀ. ಬೋರ್ಡಿಗೆ ಬದಲಾಯಿಸಿದರೆ ಗೋಡೆ, ಮುಚ್ಚಳ, ಕಿವಿಗಳ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿ, ಹೊಸ ಬಿಳಿ ಮಾದರಿ ಮಾಡಿ ನೋಡಬೇಕು. ಹಳೆಯ ಡೈ ಹೊಸ ಬೋರ್ಡಿಗೆ ಹೊಂದದಿದ್ದರೆ ಹೊಸ ಡೈ ಮಾಡಿಸದೆ ದಾರಿಯಿಲ್ಲ.